ರಾತ್ರಿ ಖಾರದ ಊಟ, ಮಲಗಿದ ಮೇಲೆ ಎದೆಯ ನಡುವೆ ಉರಿ: ರಂಜಕ ಬಿಡಲೇಬೇಕಾ?

ರಂಜಕ_ರೊಟ್ಟಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಹುಬ್ಬಳ್ಳಿಯಂವ, ವಯಸ್ಸು 41. ಅಂಗಡಿ ಬಾಗಲಾ ಹಾಕಿ ಮನಿಗೆ ಬರೂದು ಹತ್ತು ಗಂಟೆ ಆಗ್ತದ. ಹತ್ತೂವರಿಗೆ ಊಟ: ಮೂರು ರೊಟ್ಟಿ, ಎಣಗಾಯಿ, ಎಣ್ಣಿ ಹಾಕ್ಕೊಂಡು ಕೆಂಪು ಮೆಣಸಿನಕಾಯಿ ರಂಜಕ, ಕಡೀಕ ಅನ್ನ. ಹನ್ನೊಂದಕ್ಕ ಹಾಸಿಗಿ. ಮಲಗಿ ಅರ್ಧ ತಾಸಿಗೆ ಎದಿ ನಡುವಿನ ಎಲುಬಿನ ಹಿಂದ ಉರಿ ಶುರುವಾಗಿ ಗಂಟಲಮಟ ಏರ್ತದ, ಬಾಯಾಗ ಹುಳಿನೀರು ಬರ್ತದ. ಎದ್ದು ಕುಂತ್ರ ಕಮ್ಮಿ. ಮೂರು ತಿಂಗಳಿಂದ ವಾರಕ್ಕ ನಾಕು ದಿನ ಹಿಂಗ. ಉರಿ ಬಂದಾಗ ಮೆಡಿಕಲ್ ಶಾಪಿನಾಗ ಕೊಟ್ಟ ಪ್ಯಾಂಟೊಪ್ರಜೋಲ್ 40 ನುಂಗತೀನಿ, ಏನೂ ಫರಕ್ ಇಲ್ಲ. ರಂಜಕ ಪೂರಾ ಬಿಡಬೇಕೇನ್ರಿ?

ಶಿರಸಿ_ಅಡುಗೆಮನೆ

ಖಾರ ತಿಂದಷ್ಟೂ ಹೊಟ್ಟೆಯಲ್ಲಿ ಆಸಿಡ್ ಹುಟ್ಟುತ್ತೆ ತಮ್ಮಾ, ಅದೇ ಉರಿ. ಗುಂಟೂರು ಮೆಣಸು ಬಿಟ್ಟು ಬ್ಯಾಡಗಿ ಹಾಕಿಸು, ಬಣ್ಣ ಚೆನ್ನಾಗಿ ಬರುತ್ತೆ, ಖಾರ ಕಡಿಮೆ. ಮಲಗುವಾಗ ಒಂದು ಲೋಟ ತಣ್ಣನೆ ಹಾಲು ಕುಡಿ, ತಲೆಗೆ ಎರಡು ದಿಂಬು ಇಟ್ಟುಕೋ.

ಬೈಕ್_ಸವಾರ_77

ನನಗೂ ಇದೇ ಆಗಿತ್ತು ಬ್ರೋ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೊಕ್ಕುಳ ಮೇಲ್ಗಡೆ ಹಿಂಡಿದ ಹಾಗೆ ನೋವು. ಎಂಡೋಸ್ಕೋಪಿಯಲ್ಲಿ ಹೊಟ್ಟೆಯಲ್ಲಿ ಎಚ್. ಪೈಲೊರಿ ಬ್ಯಾಕ್ಟೀರಿಯಾ ಇದೆ ಅಂತ ಬಂತು, 14 ದಿನ ಆ್ಯಂಟಿಬಯೋಟಿಕ್ ತಗೊಂಡೆ, ಸರಿಹೋಯ್ತು. ನೀವೂ ಅದೇ ಕೋರ್ಸ್ ತಗೊಳ್ಳಿ.

ತಾಲೂಕು_ಫಿಸಿಷಿಯನ್

ಸವಾರರೇ, ನಿಮ್ಮದು ಖಾಲಿ ಹೊಟ್ಟೆಯ ನೋವು, ಜಾಗವೂ ಕೆಳಗೆ. ಇವರದ್ದು ತುಂಬಿದ ಹೊಟ್ಟೆಯಲ್ಲಿ ಮಲಗಿದಾಗ ಮೇಲೇರುವ ಉರಿ. ಎರಡೂ ಬೇರೆ. ಇವರು ಆ ಕೋರ್ಸ್ ನುಂಗುವುದು ಬೇಡ.

ರೊಟ್ಟಿಯವರೇ, ಮೊದಲು ಇಷ್ಟು ಹೇಳಿ. ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಎದೆ ಬಿಗಿಯುತ್ತದೆಯೇ? ಅನ್ನ, ರೊಟ್ಟಿ ನುಂಗುವಾಗ ಸಿಕ್ಕಿಹಾಕಿಕೊಂಡಂತೆ ಅನಿಸುತ್ತದೆಯೇ? ತೂಕ ಇಳಿದಿದೆಯೇ? ಮಲ ಟಾರಿನಂತೆ ಕಪ್ಪಾಗಿದೆಯೇ? ನೋವಿನ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ? ಯಾವ ಮಗ್ಗುಲಿಗೆ ಮಲಗುತ್ತೀರಿ?

ರಂಜಕ_ರೊಟ್ಟಿ

ಡಾಕ್ಟ್ರೇ, ಅವು ಯಾವೂ ಇಲ್ರಿ. ಮೂರನೇ ಮಾಳಗಿಗೆ ಮಾಲು ಹೊತ್ತು ಹತ್ತತೀನಿ, ಎದಿಗೇನೂ ಆಗಂಗಿಲ್ಲ. ತೂಕ ಇಳದಿಲ್ಲ, ವರ್ಷದಾಗ ಆರು ಕೇಜಿ ಏರೇತಿ. ನೋವಿನ ಗುಳಿಗಿ ಇಲ್ಲ. ಮಲಗೂದು ಬಲ ಮಗ್ಗಲಾ. ಮತ್ತ ಊಟ ಆದ ಕೂಡ್ಲೆ ಬಗ್ಗಿ ಏನರ ಎತ್ತಿದ್ರೂ ಹುಳಿನೀರು ಬರ್ತದ, ಅದನ್ನ ಮೊದಲ ಬರಿಯೂದು ಬಿಟ್ಟೆ.

ತಾಲೂಕು_ಫಿಸಿಷಿಯನ್

ಬಗ್ಗಿದಾಗ ಬರುವುದು, ಕೂತರೆ ಇಳಿಯುವುದು, ಬಾಯಿಗೆ ಹುಳಿ. ಇದು ಬಹುಮಟ್ಟಿಗೆ ಜಠರದ ಆಮ್ಲ ಅನ್ನನಾಳಕ್ಕೆ ಹಿಮ್ಮುಖವಾಗಿ ಏರುವ ತೊಂದರೆಯೇ.

ಅನ್ನನಾಳ ಜಠರಕ್ಕೆ ಸೇರುವಲ್ಲಿ ಸ್ನಾಯುವಿನ ಉಂಗುರವೊಂದಿದೆ. ನುಂಗಿದಾಗ ತೆರೆದು ಉಳಿದ ಹೊತ್ತು ಬಿಗಿಯಾಗಿರಬೇಕು. ಹೊಟ್ಟೆ ತುಂಬಿ ಉಬ್ಬಿದಾಗ ಅದು ನುಂಗದೆಯೂ ಆಗಾಗ ಕೆಲವು ಸೆಕೆಂಡು ಸಡಿಲಾಗುತ್ತದೆ. ತೇಗು ಬರುವುದು ಹಾಗೇ, ಎಲ್ಲರಿಗೂ ಆಗುತ್ತದೆ. ಆ ಹೊತ್ತಿಗೆ ಬಾಗಿಲ ಬಳಿ ಏನಿದೆ ಎನ್ನುವುದು ಮುಖ್ಯ. ಊಟ ಆಮ್ಲವನ್ನು ತಿಳಿಯಾಗಿಸುತ್ತದೆ ನಿಜ. ಆದರೆ ಹೊಸದಾಗಿ ಒಸರಿದ ಆಮ್ಲ ಊಟದ ಜೊತೆ ಬೆರೆಯದೆ ಅದರ ಮೇಲೆ ಪದರವಾಗಿ ನಿಲ್ಲುತ್ತದೆ, ಅದೂ ಸರಿಯಾಗಿ ಉಂಗುರದ ಕೆಳಗೆ. ಹೊಟ್ಟೆ ತುಂಬ ಉಂಡ ಮೇಲೂ ಉರಿಯುವುದು ಇದರಿಂದ. ಜಠರದ ಒಳಮೈಗೆ ಲೋಳೆಯ ದಪ್ಪ ಹೊದಿಕೆ ಇದೆ, ಅನ್ನನಾಳಕ್ಕೆ ಅಂಥದ್ದಿಲ್ಲ.

ನಿಂತಿದ್ದಾಗ ಮೇಲೆ ಬಂದದ್ದು ಬೇಗ ಕೆಳಗಿಳಿಯುತ್ತದೆ, ನುಂಗಿದ ಎಂಜಲು ಉಳಿದದ್ದನ್ನು ತೊಳೆಯುತ್ತದೆ. ನಿದ್ದೆಯಲ್ಲಿ ಎಂಜಲೂ ಕಡಿಮೆ, ನುಂಗುವುದೂ ಕಡಿಮೆ, ಬಂದದ್ದು ಅಲ್ಲೇ ನಿಲ್ಲುತ್ತದೆ. ಬಲ ಮಗ್ಗುಲಿಗೆ ಮಲಗಿದರೆ ಉಂಗುರ ಆಮ್ಲದ ಮಟ್ಟಕ್ಕಿಂತ ಕೆಳಗೆ ಬರುತ್ತದೆ, ಎಡಕ್ಕೆ ಮಲಗಿದರೆ ಮೇಲಿರುತ್ತದೆ.

ಇನ್ನು ಮೆಣಸಿನಕಾಯಿ. ಅಕ್ಕಾ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಮೆಣಸು ಆಮ್ಲವನ್ನು ಉಕ್ಕಿಸುತ್ತದೆ ಎಂಬುದಕ್ಕೆ ಬಲವಾದ ಆಧಾರವಿಲ್ಲ. ಅದು ಮಾಡುವುದು ಬೇರೆ ಕೆಲಸ. ಅದರ ಖಾರದ ಅಂಶ ಹೋಗಿ ಕೂರುವುದು ನರದ ಒಂದು ಗ್ರಾಹಕದ ಮೇಲೆ. ಸುಡು ಬಿಸಿಯನ್ನೂ ಆಮ್ಲವನ್ನೂ ಗುರುತಿಸುವುದು ಅದೇ ಗ್ರಾಹಕ. 1997ರಲ್ಲಿ ಅದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಹಾಗಾಗಿ ಖಾರದ ಊಟದ ನಂತರ ಸ್ವಲ್ಪ ಆಮ್ಲ ಮೇಲೆ ಬಂದರೂ ಕೆಂಡ ಸುರಿದಂತೆ ಅನಿಸುತ್ತದೆ. ಹಾಲು ಹತ್ತಿಪ್ಪತ್ತು ನಿಮಿಷ ಹಿತವೆನಿಸಿ ಆಮೇಲೆ ಮತ್ತೆ ಆಮ್ಲ ಒಸರಿಸುತ್ತದೆ, ಮಲಗುವಾಗ ಅದೂ ಹೊಟ್ಟೆ ತುಂಬಿಸಿದಂತೆಯೇ. ಎರಡು ದಿಂಬು ಇಟ್ಟರೆ ಕತ್ತು, ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ.

ನನ್ನ ಸಲಹೆ ಇದು. ಎರಡು ವಾರ ರಂಜಕ ಬಿಡಬೇಡಿ. ಉಳಿದದ್ದು ಬದಲಿಸಿ. ಅಂಗಡಿಗೇ ಬುತ್ತಿ ತರಿಸಿ ಎಂಟು ಗಂಟೆಗೆ ಉಣ್ಣಿ, ಮಲಗುವುದಕ್ಕೆ ಮೂರು ತಾಸು ಅಂತರವಿರಲಿ. ಮನೆಗೆ ಬಂದು ಮತ್ತೆ ಉಣ್ಣಬಾರದು. ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ, ಆರು ಇಂಚು ಎತ್ತರ ಬರುವಂತೆ, ಅಲುಗಾಡದ ಹಾಗೆ. ಎಡ ಮಗ್ಗುಲಿಗೆ ಮಲಗಿ. ಉರಿ ಬಂದ ದಿನ ಏನು ಉಂಡಿರಿ, ಎಷ್ಟು ಹೊತ್ತಿಗೆ ಎಂದು ಬರೆದಿಡಿ.

ಮಾತ್ರೆಯ ವಿಷಯ. ಪ್ಯಾಂಟೊಪ್ರಜೋಲ್ ಉರಿ ಬಂದಾಗ ನುಂಗುವ ಔಷಧಿಯಲ್ಲ. ಊಟ ಬಂದಾಗ ಜಠರದ ಆಮ್ಲದ ಪಂಪುಗಳು ಎಚ್ಚರವಾಗುತ್ತವೆ, ಆಗ ಔಷಧಿ ರಕ್ತದಲ್ಲಿ ಸಿದ್ಧವಿರಬೇಕು. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು. ಪೂರ್ತಿ ಫಲ ಕಾಣಲು ಕೆಲವು ದಿನ ಬೇಕು. ದಿನಾ ತೆಗೆದುಕೊಳ್ಳುವುದಾದರೆ ನಿಮ್ಮೂರಿನ ವೈದ್ಯರಿಗೆ ತೋರಿಸಿಯೇ ಶುರು ಮಾಡಿ.

ಮಗಳು_ಮಂಡ್ಯ

ಒಂದು ಮಾತು ಸೇರಿಸ್ತೀನಿ. ನಮ್ಮಪ್ಪನಿಗೂ ಎದೆ ಉರಿ ಅಂದ್ಕೊಂಡು ಎರಡು ದಿನ ಜೆಲುಸಿಲ್ ಕುಡಿಸಿದ್ವಿ. ಬೆವರು, ಎಡ ದವಡೆ ಎಳೀತಿತ್ತು. ಇಸಿಜಿ ತೆಗೆದಾಗ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯ್ತು. ಉಳಿದ್ರು, ಆದ್ರೆ ಆ ಎರಡು ದಿನ ಈಗಲೂ ಕಾಡುತ್ತೆ.

ತಾಲೂಕು_ಫಿಸಿಷಿಯನ್

ಅಮ್ಮಾ, ಬರೆದದ್ದು ಒಳ್ಳೆಯದಾಯಿತು. ನಾನು ಮೆಟ್ಟಿಲಿನ ಪ್ರಶ್ನೆ ಕೇಳಿದ್ದೂ ಇದಕ್ಕೇ. ನಡೆದಾಗ ಬಂದು ನಿಂತಾಗ ಹೋಗುವ ಉರಿ, ಬೆವರು, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಜೆಲುಸಿಲ್‌ನಿಂದ ಶಮನವಾದರೂ ನಂಬಬೇಡಿ. ತಕ್ಷಣ ಇಸಿಜಿ. ಸಕ್ಕರೆ ಕಾಯಿಲೆ ಇದ್ದವರಿಗೆ ಲಕ್ಷಣ ಇಷ್ಟು ಸ್ಪಷ್ಟವಾಗಿ ಇರದೆಯೂ ಹೋಗಬಹುದು.

ರಂಜಕ_ರೊಟ್ಟಿ (16 ದಿನದ ಮ್ಯಾಲೆ)

ಡಾಕ್ಟ್ರೇ, ಬರದಿಟ್ಟೀನಿ ನೋಡ್ರಿ. ರಂಜಕ ದಿನಾ ತಿಂದೀನಿ, ಗುಳಿಗಿ ಒಂದೂ ತಗೊಂಡಿಲ್ಲ. 16 ರಾತ್ರಿಯೊಳಗ ಉರಿ ಬಂದದ್ದು ಮೂರೇ ಸಲ. ಒಂದು ಮದುವಿ ಊಟ, ಹತ್ತೂವರಿಗೆ ಹೋಳಿಗಿ ತುಪ್ಪ, ಖಾರ ಏನೂ ಇರಲಿಲ್ಲ, ಆದ್ರೂ ಉರೀತು. ಇನ್ನೊಂದು ಭಾಂವನ ಮನ್ಯಾಗ, ಸಪಾಟ ಹಾಸಿಗಿ. ಮೂರನೇದು ಯಾಕಂತ ತಿಳೀಲಿಲ್ಲ, ಅವತ್ತ ಎಂಟಕ್ಕ ಉಂಡಿದ್ದೆ.

ಒಂದ ತಕರಾರು ಉಳದದ. ಸಂಜೀಕ ಗಾಡಿ ಮ್ಯಾಲಿನ ಮಿರ್ಚಿ ಭಜಿ ತಿಂದ್ರ ನಿಂತಲ್ಲೇ ಉರೀತದ, ಹುಳಿನೀರು ಬರಂಗಿಲ್ಲ.

ಶಿರಸಿ_ಅಡುಗೆಮನೆ

ಹೋಳಿಗೆಗೇ ಉರಿದಿದ್ದು ಓದಿ ಆಶ್ಚರ್ಯವಾಯ್ತು ತಮ್ಮಾ. ನಮ್ಮಲ್ಲಿ ಎಲ್ಲದಕ್ಕೂ ಮೆಣಸಿನ ಮೇಲೇ ಹಾಕ್ತಿದ್ವಿ.

ತಾಲೂಕು_ಫಿಸಿಷಿಯನ್

ಭಜಿಯದ್ದು ಎರಡು ರೀತಿ ಇರಬಹುದು. ಕರಿದ ಎಣ್ಣೆಯಿಂದ ಬಾಗಿಲು ಸಡಿಲಾಗಿ ಆಮ್ಲವೇ ಬಂದಿರಬಹುದು, ಇಲ್ಲವೇ ಮೂರು ತಿಂಗಳು ಆಮ್ಲ ತಾಗಿ ಕೆರಳಿದ ಒಳಮೈಗೆ ಮೆಣಸೇ ನೇರವಾಗಿ ಉರಿ ಹಚ್ಚುತ್ತಿರಬಹುದು. ಇಲ್ಲಿ ಕೂತು ಯಾವುದೆಂದು ಹೇಳಲಾರೆ. ಒಂದು ತಿಂಗಳು ಭಜಿ ನಿಲ್ಲಿಸಿ ಆಮೇಲೆ ಒಂದೇ ಒಂದು ತಿಂದು ನೋಡಿ. ಆಗಲೂ ಉರಿದರೆ, ರಾತ್ರಿಯ ಉರಿ ಮರಳಿದರೆ ಅಥವಾ ರೊಟ್ಟಿ ನುಂಗುವಾಗ ತಡೆದಂತಾದರೆ ಎಂಡೋಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಿ. ಏರಿದ ಆರು ಕೇಜಿಯನ್ನೂ ಅವರಿಗೆ ಹೇಳಿ. ಹೊಟ್ಟೆಯ ಬೊಜ್ಜು ಆ ಉಂಗುರದ ಮೇಲೆ ಹಗಲೂ ರಾತ್ರಿ ಒತ್ತುತ್ತಿರುತ್ತದೆ.

ರಂಜಕ_ರೊಟ್ಟಿ

ಆತ್ರಿ. ಇಟ್ಟಂಗಿ ತಗಿಯಂಗಿಲ್ಲ. ಒಂದು ತಿಂಗಳಾದ ಮ್ಯಾಲೆ ಇಲ್ಲೇ ಬರೀತೀನಿ.