ಅಪ್‌ಡೇಟ್: ಸ್ಟಿಕ್ ಮುಟ್ಟದಿದ್ದರೂ ತೆವಳುತ್ತಿದ್ದ ಪಾತ್ರ ಕೊನೆಗೂ ನಿಂತಿತು

ನನ್ನ ಪ್ರಶ್ನೆ ಹೀಗಿತ್ತು: "ಕಂಟ್ರೋಲರ್ ಮೇಜಿನ ಮೇಲಿದ್ದರೂ ನನ್ನ ಗೇಮಿನ ಪಾತ್ರ ನಿಧಾನಕ್ಕೆ ಬಲಕ್ಕೆ ಸರಿಯುತ್ತಿದೆ. ಏನು ಮಾಡಲಿ?"

ಮೊದಲು, ಗೇಮ್ ಶುರುವಾದಾಗಿನ ಸ್ಟಿಕ್ಕಿನ ಬೆಲೆಯನ್ನೇ ಸೊನ್ನೆ ಎಂದುಕೊಂಡು ಕಳೆಯುವ ಸಲಹೆ ನೋಡಿದೆ. ಕೆಲಸ ಮಾಡಲಿಲ್ಲ. ಕಾರಣ ನನಗೂ ಅಚ್ಚರಿ: ಸ್ಟಿಕ್ ಪ್ರತಿ ಸಲ ಒಂದೇ ಜಾಗಕ್ಕೆ ಮರಳುವುದಿಲ್ಲ. ಬಲಕ್ಕೆ ತಳ್ಳಿ ಬಿಟ್ಟರೆ (0.11, -0.06), ಎಡಕ್ಕೆ ತಳ್ಳಿ ಬಿಟ್ಟರೆ ಬಹುತೇಕ ಸೊನ್ನೆ.

ಆಮೇಲೆ X, Y ಎರಡಕ್ಕೂ ಬೇರೆಬೇರೆ ಡೆಡ್‌ಝೋನ್, ಅಂದರೆ ಅದಕ್ಕಿಂತ ಚಿಕ್ಕ ಬೆಲೆಯನ್ನು ಸೊನ್ನೆ ಎಂದೇ ಎಣಿಸುವ ಮಿತಿ, ಹಾಕಿದೆ. ತೆವಳುವುದೇನೋ ನಿಂತಿತು, ಆದರೆ ಸ್ವಲ್ಪ ಓರೆಯಾಗಿ ನಡೆಸಲು ಹೋದರೆ ಪಾತ್ರ ನೇರ ಗೆರೆಗೆ ಅಂಟಿಕೊಳ್ಳುತ್ತಿತ್ತು. ಚಿಕ್ಕ Y ಬೆಲೆಯನ್ನು ಡೆಡ್‌ಝೋನ್ ನುಂಗುತ್ತಿತ್ತಲ್ಲ!

ಗೆದ್ದದ್ದು ರೇಡಿಯಲ್ ಡೆಡ್‌ಝೋನ್, ಅಂದರೆ ಎರಡೂ ಅಕ್ಷ ಸೇರಿದ ಉದ್ದವನ್ನು ಅಳೆಯುವುದು. ಕೈಬಿಟ್ಟಾಗ ನನ್ನ ಸ್ಟಿಕ್ಕಿನ ಉದ್ದ ಸುಮಾರು 0.125; ಮಿತಿಯನ್ನು 0.18ಕ್ಕೆ ಇಟ್ಟೆ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದರಿಂದ 0.19 ಆದೊಡನೆ ಪಾತ್ರ ಗಕ್ಕನೆ ಹೊರಡುತ್ತಿತ್ತು, ಮೆಲ್ಲಗೆ ನಡೆಯಲು ಆಗುತ್ತಲೇ ಇರಲಿಲ್ಲ. ಉಳಿದ ವ್ಯಾಪ್ತಿಯನ್ನು ಮತ್ತೆ 0ಯಿಂದ 1ಕ್ಕೆ ಹಿಗ್ಗಿಸಿದ ಮೇಲೆ ಸರಿಹೋಯಿತು. ಇಲ್ಲಿ v ಸ್ಟಿಕ್ಕಿನ X, Y ಬೆಲೆ, dz ಆ ಮಿತಿ:

```
m = length(v)
if m < dz: return (0, 0)
return v / m * min(1, (m - dz) / (1 - dz))
```

ಈಗ 0.19 ತಳ್ಳಿದರೆ ಸಿಗುವುದು ಬರೀ 0.012. `min` ಬಿಡಬೇಡಿ, ಮೂಲೆಗೆ ತಳ್ಳಿದಾಗ ನನ್ನ ಸ್ಟಿಕ್ಕಿನ ಉದ್ದ 1 ದಾಟುತ್ತಿತ್ತು, ಓರೆಯಾಗಿ ಓಡಿದರೆ ವೇಗ ಹೆಚ್ಚು! ಇಂಜಿನ್ನಿನ ಸ್ವಂತ ಡೆಡ್‌ಝೋನನ್ನೂ 0 ಮಾಡಿ. ನಾನು ಮರೆತು ಒಂದು ಸಂಜೆ ಕಳೆದೆ.