ಬ್ಯಾಂಕ್ ಕಳ್ಕೊಂಡಿದ್ದಕ್ಕೆ ಬಾಂಡ್ ನಾವ್ಯಾಕೆ ಕೊಡ್ಬೇಕು?

*ಗುಂಪು: ನಮ್ಮನೆ ಮಂದಿ*
*ಏಪ್ರಿಲ್ 29, 2025*

ರಘು: [ಪಿಡಿಎಫ್: ಇಂಡೆಮ್ನಿಟಿ ಬಾಂಡ್ ಫಾರ್ಮ್ಯಾಟ್, 2 ಪುಟ]
ಸಾಲಕ್ಕೆ ಅಂತ ಬ್ಯಾಂಕಲ್ಲಿಟ್ಟಿದ್ದ ಶ್ರೀಧರಣ್ಣನ ಮನೆ ಪತ್ರ ಸಿಗ್ತಿಲ್ಲ ಅಂತಿದಾರಲ್ಲ, ಅದಕ್ಕೆ ಬ್ರಾಂಚ್‌ನವ್ರು ಕೊಟ್ಟ ಫಾರ್ಮ್ಯಾಟ್ ಇದು, ನಷ್ಟ ಆದ್ರೆ ನಾನೇ ತುಂಬಿಕೊಡ್ತೀನಿ ಅಂತ ಬರ್ಕೊಡೋ ಬಾಂಡು, ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡ್ಸಿ ನೋಟರಿ ಮಾಡ್ಸಿದ್ರೆ ಕೆಲಸ ಮುಗೀತು. ಯಾವ ದಾಖಲೆ ಕಳೆದ್ರೂ ಇದನ್ನೇ ಹೆಸರು ಬದಲಾಯಿಸಿ ಹಾಕ್ಬಹುದು, ಎಲ್ಲರೂ ಸೇವ್ ಮಾಡಿಟ್ಕೊಳಿ 🙏

ಶ್ರೀಧರ್: ಥ್ಯಾಂಕ್ಸ್ ರಘು. ನಾಳೆನೇ ಮಾಡ್ಸಿಬಿಡ್ತೀನಿ

ಸುಮಾ: ಅಣ್ಣ ತಡಿ. ಎರಡನೇ ಪ್ಯಾರಾ ಓದಿದ್ಯಾ?

ಶ್ರೀಧರ್: ಓದ್ದೆ, ಮಾಮೂಲಿ ಲಾಯರ್ ಭಾಷೆ

ಸುಮಾ: ಅಲ್ಲೇ ಇರೋದು ವಿಷಯ. "ಸದರಿ ಮೂಲ ಕ್ರಯಪತ್ರವು ನನ್ನ ಸುಪರ್ದಿನಲ್ಲಿದ್ದಾಗ ಕಳೆದುಹೋಗಿರುತ್ತದೆ" ಅಂತಿದೆ. ನಿನ್ನ ಸುಪರ್ದಿನಲ್ಲಿ ಯಾವಾಗಿತ್ತು ಅದು? ಲೋನ್ ತಗೊಂಡ ದಿನ ಬ್ಯಾಂಕಿಗೆ ಕೊಟ್ಟಿದ್ದು, ಇವತ್ತಿನವರೆಗೂ ವಾಪಸ್ ಬಂದಿಲ್ಲ

ರಘು: ಅಯ್ಯೋ ಸುಮಾ ಅದು ಸ್ಟ್ಯಾಂಡರ್ಡ್ ಫಾರ್ಮ್ಯಾಟು, ಎಲ್ಲರಿಗೂ ಅದನ್ನೇ ಕೊಡ್ತಾರೆ. ಪದಕ್ಕೆ ಪದ ಹಿಡ್ಕೊಂಡು ಕೂತ್ರೆ ಯಾವ ಆಫೀಸಲ್ಲೂ ಕೆಲಸ ಆಗಲ್ಲ

ಸುಮಾ: ಬ್ಯಾಂಕಿನ ಸಾಲದ ಸೆಕ್ಷನ್ನಲ್ಲೇ ಕೆಲಸ ಮಾಡಿ ರಿಟೈರ್ ಆದೋಳು ನಾನು ರಘಣ್ಣ, ಸ್ಟ್ಯಾಂಡರ್ಡ್ ಅನ್ನೋದಕ್ಕೇ ಹೆದರಿಕೆ ಆಗೋದು. ಗಿರಾಕಿ ಕೈಲೇ ಕಾಗದ ಕಳೆದಾಗ ಬಳಸೋ ನಮೂನೆ ಅದು, ಬ್ರಾಂಚಿನಲ್ಲಿ ಕಳೆದಾಗ್ಲೂ ಅದೇ ಪ್ರಿಂಟ್ ತೆಗೆದು ಕೊಡ್ತಾರೆ, ಕೆಲವು ಸಲ ಗೊತ್ತಿಲ್ದೆ, ಕೆಲವು ಸಲ ಗೊತ್ತಿದ್ದೇ

ವಿನಯ್: ಅತ್ತೆ ಸೈನ್ ಮಾಡಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳ್ತೀರಾ? ನಮಗೆ ಅರ್ಜೆಂಟ್ ಇದೆ, ಮನೆ ತಗೊಳ್ಳೋರು ಅಡ್ವಾನ್ಸ್ ಕೊಟ್ಟಿದಾರೆ, ಅವರ ಬ್ಯಾಂಕಿನ ಲಾಯರ್ ಮೂಲ ಪತ್ರ ಕೇಳ್ತಿದಾರೆ

ಸುಮಾ: ಎರಡಾಗುತ್ತೆ. ಪತ್ರ ಕಳೆದಿದ್ದು ನಿಮ್ಮಪ್ಪನೇ ಅಂತ ನಿಮ್ಮಪ್ಪನೇ ಬರ್ಕೊಟ್ಟ ಹಾಗಾಗುತ್ತೆ, ಆಮೇಲೆ ಬ್ಯಾಂಕಿನ ಮೇಲೆ ಪರಿಹಾರ ಕೇಳಕ್ಕೆ ಹೋದ್ರೆ ಇದೇ ಕಾಗದ ಮುಂದೆ ಇಡ್ತಾರೆ. ಇನ್ನೊಂದು, ಕೊನೇ ಪ್ಯಾರಾದಲ್ಲಿ "ಬ್ಯಾಂಕಿಗೆ ಉಂಟಾಗುವ ಯಾವುದೇ ನಷ್ಟ, ಖರ್ಚು, ವ್ಯಾಜ್ಯವೆಚ್ಚವನ್ನು ನಾನು ಹಾಗೂ ನನ್ನ ವಾರಸುದಾರರು ಭರಿಸಲು ಬದ್ಧರು" ಅಂತಿದೆ. ಮೊತ್ತಕ್ಕೆ ಮಿತಿ ಇಲ್ಲ, ಅವಧಿಗೂ ಮಿತಿ ಇಲ್ಲ. ಕಳೆದ ಪತ್ರ ನಾಳೆ ಯಾರೋ ತಪ್ಪು ಕೈಗೆ ಸಿಕ್ಕಿ ಬ್ಯಾಂಕಿನ ಮೇಲೆ ಕೇಸ್ ಬಿದ್ರೆ ಆ ಖರ್ಚು ಕೂಡ ನಿಮ್ಮಪ್ಪಂದು, ಅಂದ್ರೆ ತಪ್ಪು ಮಾಡಿದೋರಿಗೆ ನಾವು ಇನ್ಶೂರೆನ್ಸ್ ಕೊಟ್ಟಂಗೆ

ರಘು: ನನ್ನ ಮಗಳ ಮಾರ್ಕ್ಸ್ ಕಾರ್ಡ್ ಕಳೆದಾಗ ಇದೇ ಥರ ಬಾಂಡ್ ಕೊಟ್ವಿ, ಡೂಪ್ಲಿಕೇಟ್ ಬಂತು. ಎಫ್‌ಡಿ ರಸೀದಿ ಕಳೆದಾಗ್ಲೂ ಅಷ್ಟೇ. ಕೆಲಸ ಆಯ್ತಲ್ಲ?

ಸುಮಾ: ಆಗುತ್ತೆ, ಅಲ್ಲಿ ಆಗ್ಲೇಬೇಕು. ಮಾರ್ಕ್ಸ್ ಕಾರ್ಡ್ ಮೂಲ ದಾಖಲೆ ಯೂನಿವರ್ಸಿಟಿ ರಿಜಿಸ್ಟರಲ್ಲೇ ಇದೆ, ಎಫ್‌ಡಿ ಬ್ಯಾಂಕಿನ ಲೆಡ್ಜರಲ್ಲಿದೆ. ಕಾಗದ ಇಲ್ದಿದ್ರೂ ಹಕ್ಕು ಅವರ ಪುಸ್ತಕದಲ್ಲೇ ಕಾಣುತ್ತೆ, ಅವರಿಗಿರೋ ಒಂದೇ ಭಯ ಹಳೇ ಪ್ರತಿ ಇಟ್ಕೊಂಡು ಇನ್ನೊಬ್ರು ಬಂದು ಕೇಳಿದ್ರೆ ಅಂತ, ಆ ಭಯಕ್ಕೆ ಬಾಂಡ್ ಸಾಕು. ಕ್ರಯಪತ್ರಕ್ಕೆ ಡೂಪ್ಲಿಕೇಟ್ ಅಂತ ಕೊಡೋ ಆಫೀಸೇ ಇಲ್ಲ. ಸಬ್ ರಿಜಿಸ್ಟ್ರಾರ್ ಕೊಡೋದು ದೃಢೀಕೃತ ನಕಲು, ಸರ್ಟಿಫೈಡ್ ಕಾಪಿ. ಪತ್ರದಲ್ಲಿ ಏನು ಬರೆದಿತ್ತು ಅನ್ನೋದಕ್ಕೆ ಅದು ಪುರಾವೆ, ಮೂಲ ಎಲ್ಲಿದೆ ಅನ್ನೋದಕ್ಕಲ್ಲ

ಪಲ್ಲವಿ: ಅಮ್ಮ ಹೇಳ್ತಿರೋದು ಸರಿ ರಘು ಮಾವ. ತಗೊಳ್ಳೋರ ಲಾಯರ್ ಭಯ ಬೇರೆನೇ. ಮೂಲ ಪತ್ರ ಬ್ಯಾಂಕಲ್ಲಿಟ್ಟು ಸಾಲ ತಗೊಳ್ಳೋದೇ ಒಂಥರ ಅಡಮಾನ, ಅದಕ್ಕೇ ಮೂಲ ಇಲ್ಲ ಅಂದ ತಕ್ಷಣ "ಇನ್ನೆಲ್ಲೋ ಇಟ್ಟು ಸಾಲ ಎತ್ತಿದಾರಾ" ಅಂತ ಯೋಚನೆ ಮಾಡ್ತಾರೆ. ಶ್ರೀಧರ ಮಾವ ಬ್ಯಾಂಕಿಗೆ ಬಾಂಡ್ ಬರ್ಕೊಟ್ರೆ ಅದು ಅವರಿಬ್ಬರ ಮಧ್ಯದ ಒಪ್ಪಂದ, ಕಾಂಟ್ರ್ಯಾಕ್ಟ್ ಆಕ್ಟ್ 124ನೇ ಸೆಕ್ಷನ್ ಹೇಳೋದೇ ಅಷ್ಟು, ಒಬ್ಬರ ನಷ್ಟ ಇನ್ನೊಬ್ರು ತುಂಬಿಕೊಡ್ತೀನಿ ಅನ್ನೋ ಮಾತು. ಮೂರನೇವರನ್ನ ಅದು ಕಟ್ಟಿಹಾಕಲ್ಲ, ತಗೊಳ್ಳೋರ ಅನುಮಾನಾನೂ ತೀರಿಸಲ್ಲ

ರಘು: ನೋಟರಿ ಸೀಲ್ ಇರುತ್ತಲ್ಲಮ್ಮ

ಪಲ್ಲವಿ: ನೋಟರಿ ನೋಡೋದು ಸಹಿ ಮಾಡಿದ್ದು ಇವರೇನಾ ಅಂತ. ಒಳಗೆ ಬರೆದಿದ್ದು ನಿಜಾನಾ ಅಂತ ಅವರು ತನಿಖೆ ಮಾಡಲ್ಲ ಮಾವ

ಶ್ರೀಧರ್: ಮ್ಯಾನೇಜರ್ ತುಂಬ ಒಳ್ಳೇ ಮನುಷ್ಯ ಸುಮಾ. ಸೈನ್ ಮಾಡಿಕೊಡಿ ಸಾರ್, ಪೊಲೀಸ್ ಕಂಪ್ಲೇಂಟು, ಪೇಪರ್ ಜಾಹೀರಾತು ನೀವೇ ಮಾಡ್ಸಿ, ನಕಲು ತೆಗ್ಸೋಕೆ ಲೆಟರ್ ಕೊಡ್ತೀವಿ ಅಂದ್ರು. ಜಗಳ ಮಾಡೋಕೆ ನನಗೆ ಮನಸಿಲ್ಲ

ಸುಮಾ: ಜಗಳ ಬೇಡಣ್ಣ, ಒಂದು ಲೆಟರ್ ಸಾಕು. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ಕ್ಕೆ ಒಂದು ಸುತ್ತೋಲೆ ಹೊರಡಿಸಿದೆ, ಆ ವರ್ಷ ಡಿಸೆಂಬರ್ 1ರಿಂದ ಜಾರಿ. ಸಾಲ ಪೂರ್ತಿ ತೀರಿದ 30 ದಿನದಲ್ಲಿ ಮೂಲ ಪತ್ರಗಳನ್ನ ವಾಪಸ್ ಕೊಡ್ಬೇಕು, ರಿಜಿಸ್ಟ್ರಿಗಳಲ್ಲಿ ಆಸ್ತಿ ಮೇಲಿರೋ ಚಾರ್ಜ್, ಅಂದ್ರೆ ಸಾಲದ ನಮೂದು ಕೂಡ ತೆಗೆಸ್ಬೇಕು. ಬ್ಯಾಂಕಿನ ಕಾರಣಕ್ಕೆ ತಡ ಆದ್ರೆ ದಿನಕ್ಕೆ 5,000 ರೂಪಾಯಿ. ಪತ್ರ ಕಳೆದೇ ಹೋಗಿದ್ರೆ ದೃಢೀಕೃತ ನಕಲು ಪಡೆಯೋಕೆ ಬ್ಯಾಂಕೇ ಸಹಾಯ ಮಾಡ್ಬೇಕು, ಖರ್ಚು ಅವರದೇ, ಪರಿಹಾರ ಅದರ ಮೇಲೆ ಬೇರೆ. ಆ ಕೆಲಸಕ್ಕೆ ಅವರಿಗೆ ಇನ್ನೂ 30 ದಿನ ಸಿಗುತ್ತೆ, ಅಲ್ಲಿಗೆ ಒಟ್ಟು 60, ಆಮೇಲಿಂದ ದಿನದ ಲೆಕ್ಕ ಶುರು

ರಘು: ನೋಡ್ದೆ ಈಗ. ಅದು "ಪರ್ಸನಲ್ ಲೋನ್" ಸುತ್ತೋಲೆ ಸುಮಾ! ನಮ್ಮಣ್ಣಂದು ಹೋಮ್ ಲೋನು 😄

ಸುಮಾ: ಎಲ್ಲರೂ ಎಡವೋದು ಅಲ್ಲೇ, ಬ್ರಾಂಚ್‌ನವ್ರೂ ಇದನ್ನೇ ಹೇಳಿ ಕಳಿಸ್ತಾರೆ. ರಿಸರ್ವ್ ಬ್ಯಾಂಕ್ ಭಾಷೆಯಲ್ಲಿ ಪರ್ಸನಲ್ ಲೋನ್ ಅಂದ್ರೆ ವ್ಯಕ್ತಿಗಳಿಗೆ ಕೊಟ್ಟ ಗ್ರಾಹಕ ಸಾಲ, ಶಿಕ್ಷಣ ಸಾಲ, ಮನೆ ಸಾಲ ಎಲ್ಲ ಸೇರುತ್ತೆ. ಮನೆ ಸಾಲ ಸೇರದೇ ಇದ್ರೆ ಸ್ಥಿರಾಸ್ತಿ ಪತ್ರದ ಮಾತು ಆ ಸುತ್ತೋಲೆಲಿ ಯಾಕೆ ಬರ್ತಿತ್ತು ಹೇಳು

ವಿನಯ್: ಅಪ್ಪನ ಲೋನ್ ಕ್ಲೋಸ್ ಆಗಿದ್ದು ಫೆಬ್ರವರಿ 10, ಎನ್‌ಒಸಿ ಇದೆ

ಸುಮಾ: ಹಾಗಾದ್ರೆ 30 ದಿನ ಮಾರ್ಚ್ 12ಕ್ಕೆ ಮುಗೀತು, 60 ದಿನ ಏಪ್ರಿಲ್ 11ಕ್ಕೆ. ಏಪ್ರಿಲ್ 12ರಿಂದ ಇವತ್ತಿಗೆ 18 ದಿನ, 90,000 ರೂಪಾಯಿ. ಈಗ ಹೇಳು ಅಣ್ಣ, ಕಳೆದಿದ್ದು ನಾನೇ ಅಂತ ಸೈನ್ ಮಾಡಿಸ್ಕೊಳ್ಳೋಕೆ ಯಾಕಷ್ಟು ಅರ್ಜೆಂಟು

ಶ್ರೀಧರ್: ಇದು ನನಗೆ ಗೊತ್ತೇ ಇರ್ಲಿಲ್ಲ

ರಘು: ಸರಿ, ಆದ್ರೆ ಪತ್ರ ಬ್ಯಾಂಕಿಗೆ ಕೊಟ್ಟಿದ್ದಕ್ಕೆ ಪುರಾವೆ? ನಾಳೆ ಅವರು ನಮಗೆ ಕೊಟ್ಟೇ ಇಲ್ಲ ಅಂದ್ರೆ?

ಸುಮಾ: ಇದು ಒಳ್ಳೇ ಪ್ರಶ್ನೆ. ಲೋನ್ ತಗೊಂಡಾಗ ದಾಖಲೆಗಳ ಪಟ್ಟಿಗೆ ಸೀಲ್ ಹಾಕಿ ಒಂದು ಪ್ರತಿ ಕೊಟ್ಟಿರ್ತಾರೆ. ವಿನಯ್, ಅಪ್ಪನ ಹಳೇ ಫೈಲ್ ಹುಡುಕು. ಅದು ಸಿಗ್ಲಿಲ್ಲ ಅಂದ್ರೂ ಗಾಬರಿ ಬೇಡ, ಇಸಿ, ಅಂದ್ರೆ ಆಸ್ತಿ ಮೇಲಿನ ಋಣಭಾರ ಪತ್ರ ತೆಗೆಸಿ ನೋಡು, ಎಂಓಡಿಟಿ ರಿಜಿಸ್ಟರ್ ಆಗಿದ್ರೆ ಅದ್ರಲ್ಲಿ ನಮೂದಿರುತ್ತೆ. ಹಕ್ಕುಪತ್ರ ಬ್ಯಾಂಕಲ್ಲಿ ಇಟ್ಟಿದೀವಿ ಅಂತ ಬರೆಯೋ ಮೆಮೊರಾಂಡಮ್ ಅದು. ಅದರ ಷೆಡ್ಯೂಲಲ್ಲಿ ಯಾವ್ಯಾವ ಮೂಲ ಪತ್ರ ಇಟ್ರು ಅಂತ ಒಂದೊಂದಾಗಿ ಬರೆದಿರ್ತಾರೆ, ಅದರ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ ಸಿಗುತ್ತೆ. ಬ್ಯಾಂಕಿನ ಫೈಲ್ ಕಳೆದ್ರೂ ಆ ಷೆಡ್ಯೂಲ್ ಅಲ್ಲಾಡಲ್ಲ

ವಿನಯ್: ಇಸಿ ಇದೆ ಅತ್ತೆ, ಎಂಓಡಿಟಿ ಎಂಟ್ರಿ ಇದೆ! ಆದ್ರೆ ಅದರ ರಿಲೀಸ್ ಇನ್ನೂ ಬಂದಿಲ್ಲ ಅನ್ಸುತ್ತೆ

ಪಲ್ಲವಿ: ಸರ್ಸಾಯ್‌ನಲ್ಲೂ ಒಂದ್ಸಲ ಹುಡುಕು ವಿನಯ್, ಬ್ಯಾಂಕುಗಳು ಅಡಮಾನ ದಾಖಲಿಸೋ ಕೇಂದ್ರ ರಿಜಿಸ್ಟ್ರಿ ಅದು, ಸಣ್ಣ ಫೀ ಕಟ್ಟಿದ್ರೆ ಯಾರು ಬೇಕಾದ್ರೂ ಹುಡುಕಬಹುದು. ಅಲ್ಲಿ ನಿಮ್ಮ ಮನೆ ಮೇಲೆ ಈ ಬ್ಯಾಂಕ್ ಬಿಟ್ಟು ಬೇರೆ ಎಂಟ್ರಿ ಇಲ್ಲ ಅಂತ ತೋರಿಸಿದ್ರೆ ತಗೊಳ್ಳೋರ ಲಾಯರ್‌ಗೆ ಬಾಂಡಿಗಿಂತ ಜಾಸ್ತಿ ಧೈರ್ಯ ಬರುತ್ತೆ

ರಘು: ಅಂದ್ರೆ ಬಾಂಡೇ ಬೇಡ ಅಂತೀರಾ ಇಬ್ರೂ

ಸುಮಾ: ಬೇಕು, ದಿಕ್ಕು ಬದಲಾಗ್ಬೇಕು ಅಷ್ಟೆ. ಬ್ಯಾಂಕ್ ನಮಗೆ ಬರ್ಕೊಡ್ಲಿ. ಮೂಲ ಪತ್ರ ಬ್ಯಾಂಕಿನ ಕೈಯಲ್ಲಿದ್ದಾಗ ಕಳೆದಿದೆ, ಸಾಲ ತೀರಿದೆ, ಆ ಪತ್ರದ ಮೇಲೆ ಬ್ಯಾಂಕಿನ ಹಕ್ಕು ಏನೂ ಇಲ್ಲ, ಅದು ಯಾರಾದ್ರೂ ದುರುಪಯೋಗ ಮಾಡಿ ಶ್ರೀಧರಣ್ಣಂಗೋ ಅವರಿಂದ ಮನೆ ತಗೊಂಡೋರಿಗೋ ನಷ್ಟ ಆದ್ರೆ ಬ್ಯಾಂಕೇ ತುಂಬಿಕೊಡುತ್ತೆ ಅಂತ, ಬ್ಯಾಂಕಿನ ಅಧಿಕೃತ ಸಹಿ ಸಮೇತ. ಗ್ರಾಹಕ ಆಯೋಗಗಳು ಇಂಥ ಪ್ರಕರಣದಲ್ಲಿ ಬ್ಯಾಂಕೇ ಬಾಂಡ್ ಕೊಡ್ಲಿ ಅಂತ ಆದೇಶ ಮಾಡಿದ್ದೂ ಉಂಟು. "ಮನೆ ತಗೊಂಡೋರಿಗೆ" ಅನ್ನೋ ಪದ ಬಿಡಬೇಡಿ, ಇಲ್ಲಾಂದ್ರೆ ಮನೆ ಕೈ ಬದಲಾದ ಮೇಲೆ ಆ ಬಾಂಡ್ ತಗೊಂಡೋರ ಉಪಯೋಗಕ್ಕೆ ಬರೋದು ಕಷ್ಟ. ಪೊಲೀಸ್ ದೂರು, ಜಾಹೀರಾತು ಕೂಡ ಅವರೇ ಕೊಡ್ಬೇಕು, ಕಳ್ಕೊಂಡೋರು ಅವರು. ಅಣ್ಣ ಹೋಗಿ ನನ್ನ ಕೈಯಿಂದ ಕಳೆದುಹೋಯ್ತು ಅಂತ ಪೊಲೀಸರಿಗೆ ಬರ್ಕೊಟ್ರೆ ಅದು ಸುಳ್ಳು ಮಾಹಿತಿ, ಆಮೇಲೆ ಬ್ಯಾಂಕಿನ ಪಟ್ಟಿ ಒಂದು ಹೇಳುತ್ತೆ ಪೊಲೀಸ್ ರಸೀದಿ ಇನ್ನೊಂದು ಹೇಳುತ್ತೆ, ಎರಡನ್ನೂ ಒಟ್ಟಿಗೆ ನೋಡಿದ ಲಾಯರ್ ಫೈಲ್ ವಾಪಸ್ ತಳ್ತಾರೆ

ಶ್ರೀಧರ್: ಇಷ್ಟೆಲ್ಲ ಆದ್ಮೇಲೆ ತಗೊಳ್ಳೋರು ಒಪ್ತಾರಾ?

ಸುಮಾ: ಗ್ಯಾರಂಟಿ ಕೊಡೋಕಾಗಲ್ಲಣ್ಣ. ಕೆಲವು ಬ್ಯಾಂಕು ನಕಲು, ಪೊಲೀಸ್ ದೂರು, ಜಾಹೀರಾತು, ಕಳ್ಕೊಂಡ ಬ್ಯಾಂಕಿನ ಪತ್ರ ಇಷ್ಟು ನೋಡಿ ಲೋನ್ ಕೊಡ್ತಾವೆ, ಕೆಲವು ಮೂಲ ಇಲ್ದೆ ಮುಟ್ಟೋದೇ ಇಲ್ಲ. ಅವರು ಬೇರೆ ಬ್ಯಾಂಕಿಗೆ ಹೋಗ್ಬೇಕಾಗ್ಬಹುದು, ಬೆಲೆ ಇಳಿಸಿ ಅಂತಲೂ ಕೇಳ್ಬಹುದು. ಅದು ನಿಜವಾದ ನಷ್ಟ, ದಿನಕ್ಕೆ 5,000ದಲ್ಲಿ ಅದು ತುಂಬಲ್ಲ. ಅಷ್ಟಕ್ಕೇ ತೃಪ್ತಿ ಪಟ್ಕೋಬೇಕು ಅಂತಲೂ ಇಲ್ಲ, ಜಾಸ್ತಿ ಪರಿಹಾರ ಕೇಳೋ ದಾರಿ ಆ ಸುತ್ತೋಲೆ ಮುಚ್ಚಿಲ್ಲ. ಆದ್ರೆ ರಘಣ್ಣನ ಪಿಡಿಎಫ್‌ಗೆ ಸೈನ್ ಹಾಕಿದ ಮೇಲೆ ಆ ದಾರಿಯಲ್ಲಿ ಮುಳ್ಳು ಹಾಕ್ಕೊಂಡಂಗೆ

ರಘು: ಪಿಡಿಎಫ್ ನಂದಲ್ಲ, ಬ್ರಾಂಚಿಂದು 😑 ನಾನು ಈಗ್ಲೂ ಹೇಳೋದು, ಅವರ ಜೊತೆ ಚೆನ್ನಾಗಿದ್ರೆ ಬೇಗ ಆಗುತ್ತೆ

ಶ್ರೀಧರ್: ಲೆಟರಲ್ಲಿ ಏನ್ ಬರೀಲಿ ಸುಮಾ

ಸುಮಾ: ಚಿಕ್ಕದಾಗಿ ಬರಿ. ಸಾಲ ಖಾತೆ ನಂಬರು, ತೀರಿದ ದಿನ, ಎಂಓಡಿಟಿ ನಂಬರು, ಅದರ ಷೆಡ್ಯೂಲಲ್ಲಿರೋ ಮೂಲ ಕ್ರಯಪತ್ರ ಇದುವರೆಗೆ ವಾಪಸ್ ಬಂದಿಲ್ಲ ಅನ್ನೋ ಸಾಲು. ಪತ್ರ ಸಿಗ್ತಿಲ್ಲ ಅನ್ನೋದನ್ನ ಅವರೇ ಲಿಖಿತವಾಗಿ ಕೊಡ್ಲಿ ಅಂತ ಕೇಳು, ಬಾಯಿಮಾತಲ್ಲಿ ಹೇಳಿದ್ದು ಎಲ್ಲೂ ನಿಲ್ಲಲ್ಲ. ಅವರ ಫಾರ್ಮ್ಯಾಟಿಗೆ ಯಾಕೆ ಸಹಿ ಹಾಕಲ್ಲ ಅಂತ ಒಂದೇ ವಾಕ್ಯ, "ಸುಪರ್ದಿಯ ಕುರಿತ ಹೇಳಿಕೆ ವಾಸ್ತವಕ್ಕೆ ವಿರುದ್ಧವಾಗಿದೆ". 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಥವಾ ಬಂದ ಉತ್ತರ ಸರಿ ಇಲ್ಲ ಅಂದ್ರೆ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ನೋಡೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಹಾಕ್ಬಹುದು, ಫೀ ಇಲ್ಲ

ವಿನಯ್: ಅವರು ಏನಾದ್ರೂ ಸೈನ್ ಮಾಡ್ಲೇಬೇಕು ಅಂತ ಪಟ್ಟು ಹಿಡಿದ್ರೆ?

ಸುಮಾ: ದೃಢೀಕೃತ ನಕಲು ಕೈಗೆ ಬಂದಾಗ "ನಕಲು ಸ್ವೀಕರಿಸಿದ್ದೇನೆ, ಮೂಲ ಪತ್ರ ಹಾಗೂ ಪರಿಹಾರದ ಹಕ್ಕು ಕಾಯ್ದಿರಿಸಿದೆ" ಅಂತ ಬರೆದು ಸೈನ್ ಮಾಡ್ಲಿ. ಅದು ರಸೀದಿ, ಬಾಂಡಲ್ಲ. "ಪೂರ್ಣ ಹಾಗೂ ಅಂತಿಮ ಇತ್ಯರ್ಥ" ಅಂತ ಎಲ್ಲಾದ್ರೂ ಸಣ್ಣ ಅಕ್ಷರದಲ್ಲಿ ಇದ್ರೆ ಹೊಡೆದುಹಾಕಿ ಪಕ್ಕದಲ್ಲಿ ಇನಿಶಿಯಲ್

ಶ್ರೀಧರ್: ಸರಿ. ನಾಳೆ ಬಸವ ಜಯಂತಿ, ನಾಡಿದ್ದು ಮೇ ಡೇ. ಶುಕ್ರವಾರ ವಿನಯ್ ಜೊತೆ ಹೋಗ್ತೀನಿ

ಸುಮಾ: ಎರಡು ಪ್ರತಿ ತಗೊಂಡೋಗು, ಒಂದರ ಮೇಲೆ ಸೀಲು ತಾರೀಖು ಹಾಕ್ಸಿಕೊಂಡೇ ಬಾ. ಹಾಕಲ್ಲ ಅಂದ್ರೆ ಅಲ್ಲೇ ಪಕ್ಕದ ಪೋಸ್ಟಾಫೀಸಿಂದ ಸ್ಪೀಡ್ ಪೋಸ್ಟ್ ಮಾಡು

ರಘು: ಶುಕ್ರವಾರಕ್ಕೆ 21 ದಿನ ಆಗುತ್ತಲ್ಲ ಸುಮಾ. 1,05,000

ಸುಮಾ: ಈಗ ಲೆಕ್ಕ ಹಾಕ್ತಿದೀಯ ನೋಡು 😄 ಆ ಪಿಡಿಎಫ್ ಗ್ರೂಪಿಂದ ಡಿಲೀಟ್ ಮಾಡು ಮೊದ್ಲು, ಇನ್ನ್ಯಾರೋ ಸೇವ್ ಮಾಡ್ಕೊಂಡಾರು