ಸ್ಲೈಡಿನಲ್ಲಿ ಖಾಲಿ ಜಾಗ ಮತ್ತು ಸಮತೋಲ: ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಕೃಷಿ ಸಂಶೋಧನಾ ವಿದ್ಯಾರ್ಥಿನಿ): ರಾಗಿ ತಳಿಗಳ ಇಳುವರಿಯನ್ನು ಹೋಲಿಸುವ ನನ್ನ ಕೆಲಸವನ್ನು ಮುಂದಿನ ತಿಂಗಳು ಕನ್ನಡದಲ್ಲಿಯೇ ಮಂಡಿಸಬೇಕಾಗಿದೆ. ಮುಖ್ಯ ಸ್ಲೈಡಿನ ಎಡಕ್ಕೆ ಏಳು ಸಾಲು ಬರಹ, ಬಲಕ್ಕೆ ಬಾರ್ ಗ್ರಾಫ್, ಅದರ ಕೆಳಗೆ ಹೊಲದ ಫೋಟೋ, ಮೇಲಿನ ಎರಡೂ ಮೂಲೆಗಳಲ್ಲಿ ಲೋಗೋ ಇವೆ. ಅಕ್ಷರ ಚಿಕ್ಕದು ಮಾಡಿ ಜಾಗ ಬಿಟ್ಟರೂ ಕಿಕ್ಕಿರಿದಂತೆ ಕಾಣುತ್ತದೆ, ಬಲಕ್ಕೆ ವಾಲಿದಂತೆಯೂ ಇದೆ. ನೀವೆಲ್ಲ ಇದನ್ನು ಹೇಗೆ ಸರಿಪಡಿಸುತ್ತೀರಿ?

ಪ್ರೌಢಶಾಲೆಯ ಅಧ್ಯಾಪಕರು: ನಾನು ಒಂದೇ ನಿಯಮ ಪಾಲಿಸುತ್ತೇನೆ. ಸ್ಲೈಡಿಗೆ ಆರು ಸಾಲು, ಸಾಲಿಗೆ ಆರು ಪದ. ಅದಕ್ಕಿಂತ ಹೆಚ್ಚಿದ್ದರೆ ಎರಡನೆಯ ಸ್ಲೈಡಿಗೆ ಸಾಗಿಸುತ್ತೇನೆ. ಅರ್ಧ ಸ್ಲೈಡ್ ಖಾಲಿ ಉಳಿದರೆ ಯಾವುದೂ ಕಿಕ್ಕಿರಿದಂತೆ ಕಾಣುವುದಿಲ್ಲ.

ಪುಟವಿನ್ಯಾಸಕಿ, ಮೈಸೂರು: ಮೇಷ್ಟ್ರು ಹೇಳಿದಂತೆ ಬರಹ ಕಡಿಮೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ ಎಣಿಸುವ ನಿಯಮ ಕನ್ನಡಕ್ಕೆ ಸರಿಯಾಗಿ ಹೊಂದುವುದಿಲ್ಲ, ಏಕೆಂದರೆ ನಮ್ಮಲ್ಲಿ "ಬಿತ್ತನೆಯಾದಾಗಿನಿಂದ" ಎಂಬ ಒಂದೇ ಪದವು ಕಿರಿದಾದ ಕಾಲಮ್ಮಿನಲ್ಲಿ ಸಾಲಿನ ಮುಕ್ಕಾಲು ಪಾಲನ್ನು ತಿಂದುಬಿಡುತ್ತದೆ. ಅಲ್ಲದೆ ಎಷ್ಟು ಖಾಲಿ ಇದೆ ಎನ್ನುವುದಕ್ಕಿಂತ ಆ ಖಾಲಿ ಎಲ್ಲಿದೆ ಎನ್ನುವುದು ಮುಖ್ಯ. ಬರಹಕ್ಕೂ ಗ್ರಾಫಿಗೂ ನಡುವೆ ಒಂದು ತುಂಡು, ಗ್ರಾಫಿಗೂ ಫೋಟೋಗೂ ನಡುವೆ ಇನ್ನೊಂದು, ಶೀರ್ಷಿಕೆಯ ಕೆಳಗೆ ಮತ್ತೊಂದು ಎಂದು ಜಾಗ ಚೂರುಚೂರಾಗಿ ನಡುವೆ ಸಿಕ್ಕಿಕೊಂಡು, ಹೊರಗಿನ ಅಂಚಿನಲ್ಲಿ ಎಲ್ಲವೂ ಗಡಿಗೆ ತಾಗಿಕೊಂಡಿದ್ದರೆ, ಅರ್ಧ ಸ್ಲೈಡ್ ಖಾಲಿಯಿದ್ದರೂ ಉಸಿರುಕಟ್ಟಿದಂತೆಯೇ ಕಾಣುತ್ತದೆ. ಆದ್ದರಿಂದ ಹೊರ ಅಂಚು ಎಲ್ಲಕ್ಕಿಂತ ಅಗಲವಾಗಿರಲಿ, ಗುಂಪುಗಳ ನಡುವಿನ ಅಂತರ ಅದಕ್ಕಿಂತ ಕಡಿಮೆಯಿರಲಿ, ಒಂದೇ ಗುಂಪಿನೊಳಗಿನ ಅಂತರ ಇನ್ನೂ ಕಡಿಮೆಯಿರಲಿ.

ನಿಮ್ಮ ಸ್ಲೈಡನ್ನೇ ಅಳತೆ ಹಿಡಿದು ನೋಡೋಣ. ಪವರ್‌ಪಾಯಿಂಟಿನ ಅಗಲ ಸ್ಲೈಡ್ 33.87 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ ಇರುತ್ತದೆ. ಎಡಕ್ಕೂ ಬಲಕ್ಕೂ 2 ಸೆಂ.ಮೀ. ಅಂಚು ಬಿಟ್ಟರೆ ಸುಮಾರು 30 ಸೆಂ.ಮೀ. ಉಳಿಯುತ್ತದೆ. ಅದರಲ್ಲಿ ಬರಹಕ್ಕೆ 10, ನಡುವಿನ ಅಂತರಕ್ಕೆ 1.5 ಕೊಟ್ಟು, ಉಳಿದ 18 ಚಿಲ್ಲರೆಯನ್ನು ಪೂರ್ತಿಯಾಗಿ ಗ್ರಾಫಿಗೆ ಬಿಡಿ. ನೋಡುವವರು ಬಂದಿರುವುದು ಗ್ರಾಫಿಗಾಗಿ, ಹೀಗಾಗಿ ಇಬ್ಬರಿಗೂ ಸರಿಸಮ ಪಾಲು ಹಂಚುವ ದಾಕ್ಷಿಣ್ಯ ಬೇಡ. `Alt+F9` ಒತ್ತಿದರೆ ಅಡ್ಡ ಉದ್ದ ಮಾರ್ಗದರ್ಶಿ ಗೆರೆಗಳು ಕಾಣುತ್ತವೆ. ಅವನ್ನು ಈ ಅಳತೆಗಳಲ್ಲಿ ನಿಲ್ಲಿಸಿ, ಎಲ್ಲ ಸ್ಲೈಡುಗಳಲ್ಲೂ ಅವುಗಳಿಗೇ ಅಂಟಿಕೊಳ್ಳಿ.

ಅಕ್ಷರ ಚಿಕ್ಕದು ಮಾಡಿದರೂ ಇಕ್ಕಟ್ಟು ಹೋಗದಿರುವುದಕ್ಕೆ ಸಾಲಂತರವೇ ಕಾರಣವಿರಬಹುದು. ಪವರ್‌ಪಾಯಿಂಟಿನ ಸಿದ್ಧ ವಿನ್ಯಾಸದಲ್ಲಿ ಸಾಲಂತರ ಸಾಮಾನ್ಯವಾಗಿ 0.9 ಇರುತ್ತದೆ. ಇಂಗ್ಲಿಷಿಗೆ ಅದು ಸಾಕು, ಆದರೆ ಕನ್ನಡದಲ್ಲಿ "ಶಾಸ್ತ್ರೀಯ" ಎಂಬಂತಹ ಪದದ ಒತ್ತಕ್ಷರಗಳು ಕೆಳಕ್ಕೆ ಇಳಿದು, ಮುಂದಿನ ಸಾಲಿನ ಗುಡಿಸಿನ ತಲೆಗೆ ತಾಗುವಷ್ಟು ಹತ್ತಿರವಾಗುತ್ತವೆ. ಇದರ ಮೇಲೆ ಬರಹ ಪೆಟ್ಟಿಗೆಯಿಂದ ಹೊರಚೆಲ್ಲಿದರೆ ತಂತ್ರಾಂಶವು ಅಕ್ಷರವನ್ನೂ ಸಾಲಂತರವನ್ನೂ ತಾನಾಗಿಯೇ ಕುಗ್ಗಿಸುತ್ತದೆ. ಅದನ್ನು `Do not Autofit` ಆಯ್ಕೆಯಿಂದ ನಿಲ್ಲಿಸಿ, ಸಾಲಂತರವನ್ನು 1.1 ಅಥವಾ 1.2ಕ್ಕೆ ಏರಿಸಿ. ಆಗ ಏಳು ಸಾಲು ಹಿಡಿಸುವುದಿಲ್ಲ, ಮೂರು ಹಿಡಿಸುತ್ತವೆ, ಗ್ರಾಫ್ ಹೇಳದೇ ಇರುವ ಮೂರು ಮಾತು ಯಾವುವು ಎಂದು ನೀವೇ ಆರಿಸಬೇಕಾಗುತ್ತದೆ. ಎರಡೂ ಬದಿ ಸಮ ಮಾಡಲು `Justify` ಬಳಸಿದ್ದರೆ ಅದನ್ನೂ ಕೈಬಿಡಿ, ಏಕೆಂದರೆ 10 ಸೆಂ.ಮೀ. ಕಾಲಮ್ಮಿನಲ್ಲಿ ಉದ್ದುದ್ದ ಪದಗಳ ನಡುವೆ ದೊಡ್ಡ ದೊಡ್ಡ ಕಿಂಡಿಗಳು ಬೀಳುತ್ತವೆ.

ವಾಲುವಿಕೆಯ ವಿಷಯ ಬೇರೆ. ಸ್ಲೈಡಿನ ಮೇಲೆ ತೂಕ ಬರುವುದು ಗಾತ್ರದಿಂದ ಮಾತ್ರವಲ್ಲ, ಕಡುಬಣ್ಣದಿಂದಲೂ. ಹೊಲದ ಕಡುಹಸಿರು ಫೋಟೋ, ಐದಾರು ಬಣ್ಣದ ಗ್ರಾಫ್, ಒಂದು ಲೋಗೋ ಎಲ್ಲವೂ ಬಲಗಡೆಯೇ ಇದ್ದು ಎಡಗಡೆ ಬರೀ ತೆಳು ಅಕ್ಷರಗಳಿದ್ದರೆ ತಕ್ಕಡಿ ಒಂದೇ ಕಡೆ ಜಗ್ಗುವುದು ಸಹಜ. ಫೋಟೋವನ್ನು ಹಿಂದಿನ ಸ್ಲೈಡಿಗೆ ಇಡೀ ಪರದೆ ತುಂಬುವಂತೆ ಕಳಿಸಿ. ಇಲ್ಲೇ ಇರಬೇಕೆಂದಿದ್ದರೆ ಎಡಗಡೆ, ಬರಹದ ಕೆಳಗೆ, ಅದೇ 10 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಇಡಿ. ಆ ಕಡುಹಸಿರು ಬಲಗಡೆಯ ದೊಡ್ಡ ಗ್ರಾಫನ್ನು ಎತ್ತಿ ಹಿಡಿಯುತ್ತದೆ. ಗ್ರಾಫಿನ ಬಾರುಗಳನ್ನು ಅಡ್ಡಡ್ಡ ಮಾಡಿದರೆ ಜಿಪಿಯು-28, ಎಂಎಲ್-365 ಎಂಬ ತಳಿಯ ಹೆಸರುಗಳು ಓರೆಯಾಗದೆ ಬಾರಿನ ಪಕ್ಕದಲ್ಲೇ ಕೂರುತ್ತವೆ, ಬಣ್ಣಸೂಚಿಯ ಪೆಟ್ಟಿಗೆ ಬೇಕಾಗುವುದೇ ಇಲ್ಲ. ನೀವು ಮಾತಾಡುವ ತಳಿಯ ಬಾರಿಗೆ ಮಾತ್ರ ಕಡುಬಣ್ಣ ಕೊಟ್ಟು ಉಳಿದವನ್ನು ತೆಳು ಬೂದಿಯಾಗಿಸಿ.

ಇನ್ನೊಂದು ಸಣ್ಣ ಸಂಗತಿ ಇದೆ. ಬರಹದ ಪೆಟ್ಟಿಗೆಯೊಳಗೆ ಎಡಬಲಕ್ಕೆ 0.25 ಸೆಂ.ಮೀ. ಒಳ ಅಂಚು ಮೊದಲೇ ಇರುತ್ತದೆ. ಪೆಟ್ಟಿಗೆ ಮತ್ತು ಫೋಟೋ ಎರಡನ್ನೂ ಒಂದೇ ಗೆರೆಗೆ ಕೂರಿಸಿದರೂ ಅಕ್ಷರ ಒಳಕ್ಕೆ ಸರಿದು ಕಾಣುವುದು ಇದರಿಂದಲೇ. ಎಡ ಒಳ ಅಂಚನ್ನು ಸೊನ್ನೆ ಮಾಡಿದರೆ ಎರಡೂ ಸರಿಹೊಂದುತ್ತವೆ.

ಸಭಾಂಗಣದ ಪ್ರೊಜೆಕ್ಟರ್ ನೋಡಿಕೊಳ್ಳುವವರು: ಬಿಳಿ ಜಾಗ ಇಷ್ಟೊಂದು ಬಿಟ್ಟರೆ ಕತ್ತಲೆಯ ಸಭಾಂಗಣದಲ್ಲಿ ಕಣ್ಣಿಗೆ ಹೊಡೆಯುವುದಿಲ್ಲವೇ? ನಾನು ಎಲ್ಲರಿಗೂ ಕಡುನೀಲಿ ಹಿನ್ನೆಲೆ ಹಾಕಿಕೊಳ್ಳಲು ಹೇಳುತ್ತೇನೆ.

ಪುಟವಿನ್ಯಾಸಕಿ: ಇಲ್ಲಿ ಮಾತಾಡುತ್ತಿರುವುದು ಬರಿದಾಗಿ ಬಿಟ್ಟ ಜಾಗದ ಬಗ್ಗೆ, ಅದರ ಬಣ್ಣ ನೀಲಿಯಾದರೂ ಲೆಕ್ಕ ಒಂದೇ. ಆದರೆ ನಿಮ್ಮ ಸಲಹೆ ಪಾಲಿಸುವವರು ಒಂದನ್ನು ಗಮನಿಸಬೇಕು: ಬಿಳಿ ಹಿನ್ನೆಲೆಯಿರುವ ಲೋಗೋವನ್ನು ಕಡುನೀಲಿಯ ಮೇಲೆ ಇಟ್ಟರೆ ಅದೊಂದು ಬೆಳ್ಳನೆಯ ಚೌಕವಾಗಿ, ಇಡೀ ಸ್ಲೈಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದಾಗುತ್ತದೆ. ಹಿನ್ನೆಲೆಯಿಲ್ಲದ ಲೋಗೋ ಕೇಳಿ ಪಡೆಯಿರಿ.

ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ: ನಮ್ಮ ಕಚೇರಿಯ ಟೆಂಪ್ಲೇಟಿನಲ್ಲಿ ಮೇಲೆ ಬಣ್ಣದ ಪಟ್ಟಿ, ಕೆಳಗೆ ದಿನಾಂಕದ ಪಟ್ಟಿ ಇದ್ದು, ಅವನ್ನು ಮುಟ್ಟುವಂತಿಲ್ಲ. ನಾನು ಪಟ್ಟಿಯ ಅಂಚನ್ನೇ ಸ್ಲೈಡಿನ ಗಡಿ ಎಂದುಕೊಂಡು ಅಲ್ಲಿಂದ ಒಳಕ್ಕೆ ಅಂಚು ಬಿಡುತ್ತೇನೆ. ಆದರೆ ನನ್ನ ತಕರಾರು ಬೇರೆ ಇದೆ. ಸಭೆ ಮುಗಿದ ಮೇಲೆ ಎಲ್ಲರೂ ಫೈಲ್ ಕೇಳುತ್ತಾರೆ. ಮೂರು ಸಾಲು, ಒಂದು ಗ್ರಾಫ್ ಇರುವ ಸ್ಲೈಡ್ ಸಭೆಗೆ ಬಾರದವರಿಗೆ ಏನನ್ನೂ ಹೇಳುವುದಿಲ್ಲ. ಬಿಟ್ಟುಹೋದ ವಿವರವನ್ನು ಕೆಳಗಿನ ಟಿಪ್ಪಣಿ ಜಾಗದಲ್ಲಿ ಬರೆದಿಟ್ಟರೆ ನಮ್ಮ ಮೇಲಧಿಕಾರಿಗಳು ಅದನ್ನು ತೆರೆದು ನೋಡುವುದಿಲ್ಲ.

ಪ್ರೌಢಶಾಲೆಯ ಅಧ್ಯಾಪಕರು: ಹಾಗಾದರೆ ಎರಡು ಫೈಲ್ ಮಾಡಿ, ಒಂದು ತೋರಿಸಲು, ಒಂದು ಕೊಡಲು.

ಬ್ಯಾಂಕ್ ಅಧಿಕಾರಿ: ಪ್ರತಿ ಸೋಮವಾರದ ವರದಿಗೆ ಎರಡು ಫೈಲ್ ಮಾಡುವಷ್ಟು ಬಿಡುವು ಯಾರಿಗಿದೆ, ಸರ್? ಓದಲೆಂದೇ ಕಳಿಸುವ ಸ್ಲೈಡ್ ಸ್ವಲ್ಪ ತುಂಬಿಕೊಂಡೇ ಇರಲಿ ಎನ್ನುವುದು ನನ್ನ ಅಭಿಪ್ರಾಯ.

ಪುಟವಿನ್ಯಾಸಕಿ: ಓದಲು ಕಳಿಸುವುದಾದರೆ ನಾನೂ ಒಪ್ಪುತ್ತೇನೆ, ಅಂಚು ಮತ್ತು ಸಾಲಂತರವನ್ನು ಮಾತ್ರ ಕಳೆಯಬೇಡಿ. ಪರದೆಯ ಮೇಲೆ ತೋರಿಸಿ ಮಾತಾಡುವುದಾದರೆ ಒಪ್ಪಲಾರೆ.

ಸಂಶೋಧನಾ ವಿದ್ಯಾರ್ಥಿನಿ: ಎಲ್ಲರಿಗೂ ಧನ್ಯವಾದಗಳು. ಫೋಟೋವನ್ನು ಹಿಂದಿನ ಸ್ಲೈಡಿಗೆ ಕಳಿಸಿ ಬರಹವನ್ನು ಮೂರು ಸಾಲಿಗೆ ಇಳಿಸಿದ್ದೇನೆ, ಒತ್ತಕ್ಷರಗಳು ಈಗ ತಾಗುತ್ತಿಲ್ಲ. ಆದರೆ ಎರಡೂ ಲೋಗೋ ಪ್ರತಿ ಸ್ಲೈಡಿನಲ್ಲೂ ಇರಲೇಬೇಕೆಂದು ಮಾರ್ಗದರ್ಶಕರು ಹೇಳಿದ್ದಾರೆ. ಒಂದು ದುಂಡಗಿದೆ, ಇನ್ನೊಂದು ಅಗಲವಾದ ಅಕ್ಷರಪಟ್ಟಿ. ಎತ್ತರ ಸಮ ಮಾಡಿದರೆ ಅಗಲದ್ದು ದೊಡ್ಡದಾಗಿ ಕಾಣುತ್ತದೆ.

ಪುಟವಿನ್ಯಾಸಕಿ: ಎತ್ತರ ಸಮ ಮಾಡಬೇಡಿ. ಅಗಲದ್ದನ್ನು ದುಂಡಗಿನದರ ಎತ್ತರದ ಸುಮಾರು ಅರ್ಧಕ್ಕೆ ಇಳಿಸಿ, ಎರಡರ ನಡುಗೆರೆ ಒಂದೇ ಮಟ್ಟದಲ್ಲಿ ಬರುವಂತೆ ಕೆಳ ಅಂಚಿನಲ್ಲಿ ಅಕ್ಕಪಕ್ಕ ಇಡಿ. ಬೇರೆಬೇರೆ ಮೂಲೆಗಳಲ್ಲಿ ಇಟ್ಟರೆ ಶೀರ್ಷಿಕೆಗೆ ಎರಡೂ ಕಡೆಯಿಂದ ಒತ್ತಡ ಬರುತ್ತದೆ. ಇದನ್ನು ಒಂದೊಂದೇ ಸ್ಲೈಡಿನಲ್ಲಿ ಮಾಡದೆ `Slide Master` ನಲ್ಲಿ ಒಮ್ಮೆ ಮಾಡಿ. ಆಮೇಲೆ `Slide Sorter` ನೋಟದಲ್ಲಿ ಎಲ್ಲ ಸ್ಲೈಡುಗಳನ್ನೂ ಚಿಕ್ಕದಾಗಿ ನೋಡಿ, ಅಕ್ಷರ ಓದಲಾಗದಷ್ಟು ಚಿಕ್ಕದಾದಾಗ ಯಾವ ಸ್ಲೈಡಿನಲ್ಲಿ ಕಪ್ಪು ರಾಶಿ ಒಂದೇ ಬದಿಗೆ ಬಿದ್ದಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ.

ಸಂಶೋಧನಾ ವಿದ್ಯಾರ್ಥಿನಿ: ನೋಡಿದೆ ಮೇಡಂ. ಮುಖ್ಯ ಸ್ಲೈಡ್ ಸರಿಯಾಗಿದೆ, ಆದರೆ ಮಣ್ಣಿನ ಪರೀಕ್ಷೆಯ ಕೋಷ್ಟಕದ ಸ್ಲೈಡ್ ಇನ್ನೂ ಕಪ್ಪಗೆ ಕಾಣುತ್ತಿದೆ. ಒಂಬತ್ತು ಕಾಲಮ್ಮುಗಳಿವೆ, ಒಂದನ್ನೂ ಬಿಡುವಂತಿಲ್ಲ.

ಪುಟವಿನ್ಯಾಸಕಿ: ಮೊದಲು ಚೌಕಗಳ ಉದ್ದ ಗೆರೆಗಳನ್ನೆಲ್ಲ ಅಳಿಸಿ, ತಲೆಸಾಲಿನ ಕೆಳಗಿನ ಒಂದು ಅಡ್ಡಗೆರೆಯನ್ನು ಮಾತ್ರ ಉಳಿಸಿ ನೋಡಿ. ಅಷ್ಟಕ್ಕೂ ಹಗುರವಾಗದಿದ್ದರೆ ಮಾರ್ಗದರ್ಶಕರೊಡನೆ ಮಾತಾಡಿ, ಒಂಬತ್ತು ಕಾಲಮ್ಮುಗಳ ಕೋಷ್ಟಕವನ್ನು ಮುದ್ರಿಸಿ ಕೈಗೆ ಕೊಡುವುದೇ ವಾಸಿ.